ನೋಟ್‌ಬುಕ್ ತಿದ್ದುವಾಗ: ಹಕಾರ ಹಿಡಿದೆ, ಉಳಿದದ್ದು ಬಿಟ್ಟೆ

ಪ್ರಶ್ನೆ: ಎಂಟನೇ ಕ್ಲಾಸಿಗೆ ಕನ್ನಡ ಪಾಠ ಮಾಡ್ತೀನಿ. ಪ್ರಬಂಧದಲ್ಲಿ ಎಲ್ಲ ತಪ್ಪಿಗೂ ಗೀಟು ಹಾಕಿದ್ರೆ ಪುಟವೇ ಕೆಂಪಾಗುತ್ತೆ. ಯಾವುದನ್ನ ತಿದ್ದಲಿ, ಯಾವುದನ್ನ ಬಿಡಲಿ?

ಮಂಡ್ಯ ಕಡೆಯ ಹಳ್ಳಿ ಹುಡುಗರು ಹೀಗೆ ಬರೆಯುತ್ತಾರೆ:

"ನಾನು ನಮ್ಮ ಹಜ್ಜಿ ಜೊತೆ ಜಾತ್ರೆಗೆ ಓದೆ. ಎಲ್ಲರೂ ತೇರು ಎಳೆದರು. ಜನರು ಬಾಳೆಹಣ್ಣು ಎಸೆಯಿತು. ಕಡ್ಲೆಪುರಿ ತಿಂದು ಮನೆಗೆ ಬಂದ್ವಿ. ಬಾರಿ ಕುಶಿಯಾಯಿತು."

ಇದರಲ್ಲಿ ನಾನು ತಿದ್ದುವುದು 'ಹಜ್ಜಿ', 'ಓದೆ' ಎರಡನ್ನೇ. ನೋಡಲು ಬೇರೆ ಬೇರೆ, ಆದರೆ ಬೇರು ಒಂದೇ. ಮನೆಮಾತಿನಲ್ಲಿ ಹಕಾರ ಇಲ್ಲ, ಹಾಗಾಗಿ 'ಹೋದೆ' ಅನ್ನುವುದು 'ಓದೆ' ಆಗುತ್ತದೆ. ಶಾಲೆಯಲ್ಲಿ "ಹ ಬಿಡಬೇಡ" ಎಂದು ಬೈಸಿಕೊಂಡ ಮೇಲೆ ಬೇಡದ ಕಡೆಯೂ ಹ ಸೇರಿಸುತ್ತಾರೆ. ಸುಮ್ನೆ ಬೈದರೆ 'ಹಜ್ಜಿ'ಗಳೇ ಜಾಸ್ತಿಯಾಗುತ್ತವೆ!

'ಜನರು ಎಸೆಯಿತು' ಕಣ್ಣಿಗೆ ಕುಕ್ಕುತ್ತದೆ, ನಿಜ. ಆದರೆ ಹಿಂದಿನ ವಾಕ್ಯದಲ್ಲಿ 'ಎಲ್ಲರೂ ಎಳೆದರು' ಎಂದು ಸರಿಯಾಗಿಯೇ ಬರೆದಿದ್ದಾನೆ ಅಲ್ವಾ? ಅಂದರೆ ಅವನಿಗೆ ಗೊತ್ತಿದೆ, ಕೈ ಜಾರಿದೆ. ಪಿಟ್ ಕಾರ್ಡರ್ ಎಂಬ ಭಾಷಾವಿಜ್ಞಾನಿ 1967ರಲ್ಲೇ ಈ ಎರಡನ್ನು ಬೇರೆ ಮಾಡಿ ತೋರಿಸಿದ್ದರು: ಗೊತ್ತಿದ್ದೂ ಜಾರಿದ್ದು ಒಂದು, ಸರಿಯಾಗಿ ಗೊತ್ತಿಲ್ಲದೆ ಮತ್ತೆ ಮತ್ತೆ ಬರುವುದು ಇನ್ನೊಂದು. ಜಾರಿದ್ದಕ್ಕೆ ಅಡಿಗೆರೆ ಎಳೆದರೆ ಸಾಕು, ಅವನೇ ಸರಿಮಾಡುತ್ತಾನೆ. ಒಂದೇ ಪುಟದಿಂದ ತೀರ್ಮಾನ ಮಾಡಬೇಡಿ, ಹಿಂದಿನ ಪ್ರಬಂಧವನ್ನೂ ತಿರುವಿ ನೋಡಿ.

'ಬಾರಿ', 'ಕುಶಿ' ಈ ಸಲ ಬಿಡುತ್ತೇನೆ. ಮಹಾಪ್ರಾಣದ ಪಾಠ ಮಾಡಿದ ಮೇಲೆ ಅದರ ಸರದಿ. 'ಬಂದ್ವಿ'ಯನ್ನೂ ಬಿಡುತ್ತೇನೆ, ಅದು ಆಡುಮಾತಿನ ರೂಪ. ಹೆಡ್‌ಮಾಸ್ಟರಿಗೆ ರಜೆ ಅರ್ಜಿ ಬರೆದಾಗ ಮಾತ್ರ ತಿದ್ದುತ್ತೇನೆ.

ತಿದ್ದುವಾಗ ಸರಿರೂಪವನ್ನು ನಾನು ಬರೆಯುವುದಿಲ್ಲ. ಬರೆದುಕೊಟ್ಟರೆ ಹುಡುಗ ನಕಲು ಮಾಡಿ ಮುಚ್ಚಿಡುತ್ತಾನೆ. ಆ ಸಾಲುಗಳ ಪಕ್ಕದ ಮಾರ್ಜಿನ್ನಿನಲ್ಲಿ 'ಹ' ಎಂದಷ್ಟೇ ಹಾಕಿ, ಕೆಳಗೆ ಹೀಗೆ ಬರೆಯುತ್ತೇನೆ: "ಒಂದು ಕಡೆ ಹ ಬೇಕು, ಒಂದು ಕಡೆ ಬೇಡ. ಹುಡುಕು. ಬಾಳೆಹಣ್ಣು ಯಾಕೆ ಎಸೆಯುತ್ತಾರೆ? ಒಂದು ವಾಕ್ಯ ಸೇರಿಸು." ನೋಟ್‌ಬುಕ್ ಕೊಟ್ಟ ದಿನವೇ ಕ್ಲಾಸಿನಲ್ಲಿ ಹತ್ತು ನಿಮಿಷ ಕೊಟ್ಟು ತಿದ್ದಿಸಬೇಕು. ಮನೆಗೆ ಕಳಿಸಿದರೆ ಆ ಪುಟ ಯಾರೂ ತೆರೆಯುವುದಿಲ್ಲ.

ಕೆಲವರಿಗೆ ಇದು ನಡೆಯುವುದಿಲ್ಲ. ಹ-ಅ ವ್ಯತ್ಯಾಸ ಕಿವಿಗೇ ಬೀಳದವನು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಊಹೆ ಮಾಡುತ್ತಾನೆ. ಊಹೆ ಮಾಡುತ್ತಿದ್ದಾನೆ ಎಂದು ತಿಳಿಯುವುದು ಸುಲಭ: ಸರಿ ಇದ್ದ ಪದಗಳನ್ನೂ ಕೆಡಿಸಿರುತ್ತಾನೆ. ಅವನಿಗೆ 'ಅಕ್ಕಿ-ಹಕ್ಕಿ', 'ಆಡು-ಹಾಡು' ಇಂಥ ಜೋಡಿಗಳನ್ನು ಬರೆದುಕೊಟ್ಟು, ಜೋರಾಗಿ ಓದಿಸಿ.

ಇನ್ನು ಪೋಷಕರು. "ಮೇಷ್ಟ್ರು ನೋಡೇ ಇಲ್ಲ" ಅನ್ನುತ್ತಾರೆ. ಅದಕ್ಕೇ ಪುಟದ ತಲೆಯಲ್ಲಿ "ಈ ಸಲ ಹ-ಅ ಮಾತ್ರ ತಿದ್ದಿದೆ" ಎಂದು ಬರೆದುಬಿಡಿ. ಪರೀಕ್ಷೆ ಪೇಪರಿನಲ್ಲಿ ಮಾತ್ರ ಈ ಲೆಕ್ಕ ಬೇಡ. ಅಲ್ಲಿ ಯಾವ ತಪ್ಪಿಗೆ ಅಂಕ ಕಳೆದಿದ್ದೀರೋ ಅದನ್ನೆಲ್ಲ ಗುರುತು ಹಾಕಲೇಬೇಕು.