‘ಉತ್ತರ’ ಎಂದಷ್ಟೇ ಬಂದರೆ ಮೊದಲು ಕೇಳಬೇಕಾದದ್ದು

“ಗಣಿತದ ಟ್ಯೂಷನ್ನಿನ ಹುಡುಗಿ ವಾಟ್ಸಾಪಿನಲ್ಲಿ ‘ಉತ್ತರ’ ಎಂದಷ್ಟೇ ಕಳುಹಿಸಿದ್ದಾಳೆ. ಏನು ಕೇಳಲಿ?”

ಬಿಟ್ಟುಹೋದ ಕ್ರಿಯಾಪದವೇ ಗೊಂದಲಕ್ಕೆ ಕಾರಣವಿರಬೇಕು: ಯಾರು ಏನು ಮಾಡಬೇಕೆಂಬುದನ್ನು ಕನ್ನಡದಲ್ಲಿ ವಾಕ್ಯದ ಕೊನೆಯ ‘ಬೇಕು’, ‘ಕಳುಹಿಸಿದ್ದೇನೆ’, ‘ಸರಿಯೇ’ ಎಂಬಂಥ ಮಾತೇ ಹೇಳುವುದರಿಂದ, ಅದಿಲ್ಲದ ‘ಉತ್ತರ’ವು ಕೋರಿಕೆಯೂ ಆಗಬಹುದು, ಲಗತ್ತಿಸಲು ಮರೆತ ಫೋಟೋದ ತಲೆಬರಹವೂ ಆಗಬಹುದು. ಮೊದಲು ‘ಎಷ್ಟನೆಯ ಲೆಕ್ಕ?’ ಎಂದು ಕೇಳಿ. ಅದು ತಿಳಿದ ಮೇಲೆ ‘ನೀನು ಬಿಡಿಸಿದ್ದನ್ನು ನೋಡಲೇ, ನಾನೇ ಬಿಡಿಸಿ ತೋರಿಸಲೇ?’ ಎಂದು ಕೇಳಿ. ‘ಏನಾಯಿತು?’ ಎಂದು ಕೇಳಿದರೆ ಮತ್ತೆ ಒಂದೇ ಪದ ಬರುತ್ತದೆ. ಲೆಕ್ಕ x² − 5x + 6 = 0 ಎಂದಿಟ್ಟುಕೊಳ್ಳಿ; ಆಗ ‘ನಿನಗೆ ಬಂದ ಮೂಲಗಳು ಯಾವುವು?’ ಎಂಬುದು ಮೂರನೆಯ ಪ್ರಶ್ನೆ. 2 ಮತ್ತು 3ರ ಬದಲು −2, −3 ಎಂದರೆ, ಬಹುಶಃ ಅಪವರ್ತನ ಸರಿಯಾಗಿದ್ದು, (x − 2)(x − 3) ಎಂಬಲ್ಲಿನ ಚಿಹ್ನೆಯನ್ನೇ ಮೂಲಕ್ಕೂ ಇಳಿಸಿಕೊಂಡಿದ್ದಾಳೆ.