ಪಿಎಂಪಿ ಅರ್ಜಿಯಲ್ಲಿ ಅನುಭವ ತೋರಿಸುವುದು ಹೇಗೆ, ಆಡಿಟ್ ಬಂದರೆ ಏನಾಗುತ್ತದೆ?

ಪ್ರಶ್ನೆ: ನಾನು ಬಿಇ ಮುಗಿಸಿ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದೇನೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಆದ ಪಿಎಂಪಿಗೆ ಅರ್ಜಿ ಹಾಕಬೇಕು. 4,500 ಗಂಟೆ ತೋರಿಸಬೇಕಂತೆ, ನನ್ನ ಹತ್ತಿರ ಟೈಮ್‌ಶೀಟ್ ಇಲ್ಲ. ಹಳೇ ಕಂಪನಿಯ ಮ್ಯಾನೇಜರ್ ಕೂಡ ಕೆಲಸ ಬಿಟ್ಟಿದ್ದಾರೆ. ಅರ್ಜಿಯಲ್ಲಿ ಬರೆದದ್ದಕ್ಕೆ ದಾಖಲೆ ಕೇಳುವ ಆಡಿಟ್ ಬಂದರೆ ಏನು ಮಾಡೋದು?

ಟೈಮ್‌ಶೀಟ್ ಹುಡುಕೋದು ಬಿಟ್ಟುಬಿಡಿ. 4,500 ಗಂಟೆ ಅನ್ನೋದು ಹಳೇ ಲೆಕ್ಕ. ಆಗ ಪ್ರತಿ ಪ್ರಾಜೆಕ್ಟ್‌ನ ಗಂಟೆಗಳನ್ನು ಹಂತ ಹಂತವಾಗಿ ಹಂಚಿ ತುಂಬಬೇಕಿತ್ತು. ಹಳೇ ಲೇಖನಗಳಲ್ಲಿ ಅದೇ ಉಳಿದುಕೊಂಡಿದೆ, ಜನ ಅದನ್ನೇ ನೋಡಿ ಗಾಬರಿಯಾಗುತ್ತಾರೆ. ಈಗ ಪಿಎಂಪಿ ಕೊಡುವ ಸಂಸ್ಥೆ ಪಿಎಂಐ ಕೇಳುವುದು ತಿಂಗಳುಗಳನ್ನು. ನಾಲ್ಕು ವರ್ಷದ ಡಿಗ್ರಿ ಇರುವವರಿಗೆ, ಅಂದರೆ ನಿಮ್ಮಂಥ ಬಿಇಯವರಿಗೆ, ಪ್ರಾಜೆಕ್ಟ್ ಮುನ್ನಡೆಸಿದ 36 ತಿಂಗಳ ಅನುಭವ ಬೇಕು. ಜೊತೆಗೆ 35 ಗಂಟೆ ತರಬೇತಿ. ಅನುಭವ ಎಷ್ಟು ವರ್ಷದ ಒಳಗಿನದಾಗಿರಬೇಕು ಅನ್ನೋದಕ್ಕೂ ಒಂದು ಮಿತಿ ಇದೆ. ಈ ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಅರ್ಜಿ ಹಾಕುವ ವಾರ ಪಿಎಂಐ ಸೈಟಿನಲ್ಲಿರುವ ಹ್ಯಾಂಡ್‌ಬುಕ್ ಇಳಿಸಿಕೊಂಡು ಆ ಒಂದು ಪುಟ ನೀವೇ ಓದಿ. ಕೋಚಿಂಗ್‌ನವರು ಹೇಳಿದ್ದನ್ನು ನಂಬಿ ಕೂರಬೇಡಿ.

ಗಂಟೆ ಹೋಗಿ ತಿಂಗಳು ಬಂತು ಅಂದ ಮಾತ್ರಕ್ಕೆ ಲೆಕ್ಕ ಸುಲಭ ಆಯಿತು ಅಂತಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ನಡೆಸಿದ್ದರೂ ಅದು ಒಂದೇ ತಿಂಗಳು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೊದಲನೇ ಪ್ರಾಜೆಕ್ಟ್ 2019ರ ಜೂನ್‌ನಿಂದ 2020ರ ನವೆಂಬರ್‌ವರೆಗೆ, 18 ತಿಂಗಳು. ಎರಡನೆಯದು 2020ರ ಜೂನ್‌ನಿಂದ 2021ರ ಮೇವರೆಗೆ, 12 ತಿಂಗಳು. ಮೂರನೆಯದು 2021ರ ಆಗಸ್ಟ್‌ನಿಂದ 2022ರ ಜುಲೈವರೆಗೆ, ಮತ್ತೆ 12. ಸುಮ್ನೆ ಕೂಡಿದರೆ 42 ಬರುತ್ತದೆ, ಆರಾಮಾಗಿ ಪಾಸು ಅನ್ನಿಸುತ್ತದೆ. ಆದರೆ 2020ರ ಜೂನ್‌ನಿಂದ ನವೆಂಬರ್‌ವರೆಗಿನ ಆರು ತಿಂಗಳು ಎರಡು ಕಡೆಯೂ ಇದೆ. ಅದನ್ನು ಒಂದೇ ಸಲ ಎಣಿಸಿದರೆ ಉಳಿಯುವುದು ಸರಿಯಾಗಿ 36. ಈಗ ಮೊದಲನೇ ಪ್ರಾಜೆಕ್ಟ್‌ನ ಬಗ್ಗೆ ನಿಮ್ಮ ಮ್ಯಾನೇಜರ್ ಹಳೇ ಮೇಲ್ ತೆಗೆದು ನೋಡಿ, "ನೀನು ಟೀಮ್‌ಗೆ ಬಂದಿದ್ದು ಜೂನ್‌ನಲ್ಲಿ ಸರಿ, ಆದರೆ ಪ್ರಾಜೆಕ್ಟ್ ಶುರುವಾಗಿದ್ದು ಆಗಸ್ಟ್‌ನಲ್ಲಿ ಅಲ್ವಾ?" ಅಂದರೆ ನಿಮ್ಮ ಲೆಕ್ಕ 34ಕ್ಕೆ ಇಳಿಯುತ್ತದೆ. ಅರ್ಹತೆಯೇ ಹೋಯಿತು. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು, ಕೈಲಿ ನಾಲ್ಕೈದು ತಿಂಗಳು ಹೆಚ್ಚಿಗೆ ಇಟ್ಟುಕೊಂಡೇ ಅರ್ಜಿ ಹಾಕಿ. 36 ಆಗುವುದನ್ನೇ ಕಾಯುತ್ತಿದ್ದು, ಆದ ದಿನವೇ ಸಬ್ಮಿಟ್ ಒತ್ತಬೇಡಿ.

ದಿನಾಂಕ ಹುಡುಕಲು ಟೈಮ್‌ಶೀಟ್‌ಗಿಂತ ಮೇಲ್ ಒಳ್ಳೆಯದು. ಕಿಕ್‌ಆಫ್ ಮೀಟಿಂಗ್‌ನ ಆಹ್ವಾನ, ಗೋ-ಲೈವ್ ಆದ ದಿನ ಬಂದ ಮೇಲ್, ಕ್ಲೈಂಟ್ ಕೊಟ್ಟ ಸೈನ್-ಆಫ್, ಇವು ಮೂರು ಸಿಕ್ಕರೆ ಶುರು ಮತ್ತು ಕೊನೆ ಎರಡೂ ಗಟ್ಟಿ. ಈಗಿನ ಕಂಪನಿಯಲ್ಲಿ ಇನ್ನೂ ಇದ್ದೀರಲ್ಲ, ಈ ದಿನಾಂಕಗಳನ್ನು ಇವತ್ತೇ ಒಂದು ಶೀಟ್‌ನಲ್ಲಿ ಬರೆದಿಟ್ಟುಕೊಳ್ಳಿ. ದಿನಾಂಕ ಮಾತ್ರ ಬರೆದುಕೊಳ್ಳಿ, ಕಂಪನಿಯ ಫೈಲ್‌ಗಳನ್ನು ಮನೆಗೆ ಕಳಿಸಿಕೊಳ್ಳಬೇಡಿ. ಆಡಿಟ್‌ನಲ್ಲಿ ಅವನ್ನು ಯಾರೂ ಕೇಳುವುದಿಲ್ಲ.

ಇನ್ನು ಯಾವ ಕೆಲಸವನ್ನು ಲೆಕ್ಕಕ್ಕೆ ಹಿಡಿಯಬಹುದು ಅನ್ನೋದು. ನಿಮ್ಮ ವಿಸಿಟಿಂಗ್ ಕಾರ್ಡ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅಂತ ಇರಲೇಬೇಕಾಗಿಲ್ಲ. ಟೀಮ್ ಲೀಡ್, ಸೀನಿಯರ್ ಎಂಜಿನಿಯರ್ ಏನೇ ಇರಲಿ, ಪ್ರಾಜೆಕ್ಟ್ ಮುನ್ನಡೆಸಿದ್ದೀರಾ ಅನ್ನೋದು ಮುಖ್ಯ. ಹುದ್ದೆಯ ಹೆಸರನ್ನು ಮಾತ್ರ ಇದ್ದದ್ದು ಇದ್ದ ಹಾಗೇ ಬರೆಯಿರಿ, ಅದನ್ನು ದೊಡ್ಡದು ಮಾಡಲು ಹೋಗಬೇಡಿ. ಆದರೆ ಪ್ರಾಜೆಕ್ಟ್ ಅಂದರೆ ಅದಕ್ಕೆ ಒಂದು ಶುರು, ಒಂದು ಕೊನೆ ಇರಬೇಕು. ಪ್ರತಿದಿನ ಟಿಕೆಟ್ ಮುಚ್ಚುವ ಸಪೋರ್ಟ್ ಕೆಲಸವನ್ನು ಮೂರು ವರ್ಷ ಮಾಡಿದ್ದರೂ ಅದು ಪ್ರಾಜೆಕ್ಟ್ ಅಲ್ಲ. ಅದೇ ಸಪೋರ್ಟ್ ಟೀಮ್‌ನಲ್ಲಿದ್ದುಕೊಂಡೇ ಹಳೇ ಸರ್ವರ್‌ನಿಂದ ಕ್ಲೌಡ್‌ಗೆ ಎಲ್ಲವನ್ನೂ ಸಾಗಿಸಿದ ಎಂಟು ತಿಂಗಳು ಇದ್ದರೆ, ಅದು ಪ್ರಾಜೆಕ್ಟ್. ಆ ಎಂಟನ್ನು ಮಾತ್ರ ತೆಗೆದುಕೊಳ್ಳಿ. ಕಾಲೇಜಿನ ಪ್ರಾಜೆಕ್ಟ್, ಮನೆಯ ಮದುವೆ ಇಂಥವೆಲ್ಲ ನಡೆಯುವುದಿಲ್ಲ.

ವಿವರಣೆ ಬರೆಯುವ ಜಾಗದಲ್ಲಿ ಪ್ರತಿ ಪ್ರಾಜೆಕ್ಟ್‌ಗೆ 200ರಿಂದ 500 ಪದ ಕೇಳುತ್ತಾರೆ. ಉದ್ದೇಶ ಏನಿತ್ತು, ನಿಮ್ಮ ಪಾತ್ರ ಏನು, ಏನೇನು ಮಾಡಿದಿರಿ, ಕೊನೆಗೆ ಏನಾಯಿತು, ಇಷ್ಟು ಬರಬೇಕು. ತುಂಬಾ ಜನ "ಟೀಮ್ ಜೊತೆ ಸೇರಿ ಮೊಬೈಲ್ ಆ್ಯಪ್ ಮಾಡಿದೆವು, ನಾನು ಕೋಡಿಂಗ್, ಟೆಸ್ಟಿಂಗ್ ಎರಡೂ ನೋಡಿಕೊಂಡೆ" ಅಂತ ಬರೆಯುತ್ತಾರೆ. ಇದರಲ್ಲಿ ಮುನ್ನಡೆಸಿದ್ದು ಎಲ್ಲಿದೆ? ಇದನ್ನೇ ಹೀಗೆ ಬರೆಯಬಹುದು: "ಒಂದು ಬ್ಯಾಂಕಿನ ಸಾಲದ ಅರ್ಜಿಗಳನ್ನು ಕಾಗದದಿಂದ ಮೊಬೈಲ್‌ಗೆ ತರುವುದು ಉದ್ದೇಶ. ಒಂಬತ್ತು ಜನರ ಟೀಮ್‌ನ ಲೀಡ್ ಆಗಿದ್ದೆ. ಶಾಖೆಯವರ ಜೊತೆ ಕೂತು ಬೇಕು ಬೇಡಗಳ ಪಟ್ಟಿ ಮಾಡಿದೆ, ಕೆಲಸವನ್ನು ಭಾಗ ಮಾಡಿ ವೇಳಾಪಟ್ಟಿ ಹಾಕಿದೆ. ಪೇಮೆಂಟ್ ಭಾಗ ತಡವಾಗುವ ಅಪಾಯ ಇದೆ ಅಂತ ಮೊದಲೇ ಗುರುತಿಸಿ ರಿಸ್ಕ್ ರಿಜಿಸ್ಟರ್‌ನಲ್ಲಿ ಹಾಕಿದೆ. ಮಧ್ಯದಲ್ಲಿ ಕ್ಲೈಂಟ್ ಕೇಳಿದ ಬದಲಾವಣೆಗಳನ್ನು ಸ್ಪಾನ್ಸರ್ ಒಪ್ಪಿಗೆ ಪಡೆದ ಮೇಲೆಯೇ ಸೇರಿಸಿದೆ. ಸೈನ್-ಆಫ್ ಪಡೆದು ಸಪೋರ್ಟ್ ಟೀಮ್‌ಗೆ ಒಪ್ಪಿಸಿದೆ." ಕೆಲಸ ಅದೇ. ಆದರೆ ಎರಡನೆಯದನ್ನು ಓದಿದವರಿಗೆ ನೀವು ಏನು ನಿರ್ಧಾರ ಮಾಡಿದಿರಿ ಅಂತ ಕಾಣಿಸುತ್ತದೆ. ಅರ್ಜಿಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಬ್ಯಾಂಕಿನ ಹೆಸರು ಹಾಕಬೇಕಾಗಿಲ್ಲ, ಗೌಪ್ಯತೆ ಒಪ್ಪಂದ ಇದ್ದರೆ "ಒಂದು ಖಾಸಗಿ ಬ್ಯಾಂಕ್" ಸಾಕು. ಇಂಟರ್ನೆಟ್‌ನಲ್ಲಿ ಸಿಗುವ ಮಾದರಿಗಳನ್ನು ಎತ್ತಿ ಅಂಟಿಸಬೇಡಿ. ಅದಕ್ಕೆ ಸಹಿ ಹಾಕಬೇಕಾದವರು ನಿಮ್ಮ ಮ್ಯಾನೇಜರ್, ತಾವು ನೋಡದ ಕೆಲಸಕ್ಕೆ ಅವರು ಹೇಗೆ ಸಹಿ ಹಾಕಿಯಾರು?

ಈಗ ಆಡಿಟ್. ಆಡಿಟ್‌ಗೆ ಅರ್ಜಿಗಳನ್ನು ಬಹುಪಾಲು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸುತ್ತಾರೆ. ಮೇಲ್ ಬಂದರೆ ನಿಮ್ಮ ಮೇಲೆ ಅನುಮಾನ ಬಂದಿದೆ ಅಂತ ಅರ್ಥ ಅಲ್ಲ. ನನಗೂ ಬಂದಿತ್ತು, ದಾಖಲೆ ಕೊಟ್ಟೆ, ಮುಗಿಯಿತು. ಆಮೇಲೆ ನನ್ನ ಟೀಮ್‌ನವರ ಫಾರಂಗಳಿಗೆ ಮ್ಯಾನೇಜರ್ ಆಗಿ ಸಹಿ ಕೂಡ ಹಾಕಿದ್ದೇನೆ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ಕೇಳುವುದು ಮೂರೇ. ಡಿಗ್ರಿಯ ಪ್ರತಿ, 35 ಗಂಟೆ ತರಬೇತಿಯ ಸರ್ಟಿಫಿಕೇಟ್, ಮತ್ತು ಪ್ರತಿ ಪ್ರಾಜೆಕ್ಟ್‌ಗೂ ಅದನ್ನು ಬಲ್ಲ ಮ್ಯಾನೇಜರ್ ಅಥವಾ ಮೇಲ್ವಿಚಾರಕರ ಸಹಿ. ಕೊಡಲು 90 ದಿನ ಸಮಯ ಇರುತ್ತದೆ. ಆಡಿಟ್ ಮುಗಿಯುವವರೆಗೆ ಪರೀಕ್ಷೆಗೆ ದಿನ ಬುಕ್ ಮಾಡಲು ಆಗುವುದಿಲ್ಲ. ಪರೀಕ್ಷೆ ಬರೆಯಲು ಸಿಗುವ ಒಂದು ವರ್ಷದ ಅವಧಿ ಆಡಿಟ್ ಮುಗಿದ ಮೇಲೆಯೇ ಶುರುವಾಗುವುದರಿಂದ ಆ ದಿನಗಳು ನಷ್ಟ ಅಲ್ಲ.

ನಮ್ಮ ಕಡೆಯವರಿಗೆ ಡಿಗ್ರಿಯಲ್ಲೇ ಒಂದು ತೊಡಕಿದೆ. ಎಷ್ಟೋ ಜನರ ಹತ್ತಿರ ಮಾರ್ಕ್ಸ್ ಕಾರ್ಡ್‌ಗಳ ಕಂತೆ ಮತ್ತು ಪ್ರೊವಿಷನಲ್ ಮಾತ್ರ ಇರುತ್ತದೆ, ಕಾನ್ವೊಕೇಶನ್ ಸರ್ಟಿಫಿಕೇಟ್‌ಗೆ ಅರ್ಜಿಯನ್ನೇ ಹಾಕಿರುವುದಿಲ್ಲ. ಇಲ್ಲದಿದ್ದರೆ ಈಗಲೇ ಹಾಕಿ, ಯೂನಿವರ್ಸಿಟಿಯಿಂದ ಬರಲು ಸಮಯ ಹಿಡಿಯುತ್ತದೆ, 90 ದಿನದ ಗಡುವು ಅದಕ್ಕಾಗಿ ಕಾಯುವುದಿಲ್ಲ. ಇನ್ನೊಂದು ಹೆಸರಿನ ವಿಷಯ. ಡಿಗ್ರಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಪೂರ್ತಿ. ಪರೀಕ್ಷೆಯ ದಿನ ಗುರುತಿನ ಚೀಟಿ ನೋಡುತ್ತಾರೆ, ಹಾಗಾಗಿ ಅರ್ಜಿಯ ಹೆಸರು ಅದರಂತೆಯೇ ಇರಲಿ. ಡಿಗ್ರಿಯ ಹೆಸರು ಬೇರೆ ಥರ ಇದ್ದರೆ ಕಳಿಸುವಾಗಲೇ ಎರಡು ಸಾಲಿನಲ್ಲಿ ಕಾರಣ ಬರೆಯಿರಿ.

ಸಹಿಯ ಕಡೆಗೆ ಬರೋಣ. ನೀವು ಭಯಪಡುತ್ತಿರುವುದು ಅದಕ್ಕೇ ಅಲ್ವಾ? ಮ್ಯಾನೇಜರ್ ಕೆಲಸ ಬಿಟ್ಟಿದ್ದರೆ ಏನೂ ತೊಂದರೆ ಇಲ್ಲ. ಆ ಸಮಯದಲ್ಲಿ ನಿಮ್ಮ ಕೆಲಸ ನೋಡಿದವರು ಬೇಕು, ಅವರು ಇವತ್ತು ಎಲ್ಲಿದ್ದಾರೆ ಅನ್ನೋದು ಮುಖ್ಯವಲ್ಲ. ಕಂಪನಿಯ ಎಚ್‌ಆರ್ ಹತ್ತಿರ ಹೋಗಬೇಕಾಗಿಲ್ಲ, ಎಚ್‌ಆರ್‌ನವರಿಗೆ ನೀವು ಯಾವ ರಿಸ್ಕ್ ನೋಡಿಕೊಂಡಿರಿ ಅಂತ ಗೊತ್ತಿರುವುದೂ ಇಲ್ಲ. ಅರ್ಜಿಗೆ ಮೊದಲೇ ಹಳೇ ಮ್ಯಾನೇಜರ್‌ಗೆ ಫೋನ್ ಮಾಡಿ, ಈಗಿನ ಮೇಲ್ ವಿಳಾಸ ಕೇಳಿ, ಹಳೇ ಕಂಪನಿಯ ವಿಳಾಸ ಹಾಕಿದರೆ ಮೇಲ್ ಹೋಗುವುದಿಲ್ಲ. ಆಮೇಲೆ ನೀವು ಬರೆದ ವಿವರಣೆ, ದಿನಾಂಕ ಎರಡನ್ನೂ ಅವರಿಗೆ ಕಳಿಸಿ, "ಸರ್, ಹೀಗೆ ಬರೆದಿದ್ದೇನೆ, ಎಲ್ಲಾದರೂ ತಪ್ಪಿದ್ದರೆ ಹೇಳಿ" ಅಂತ ಕೇಳಿ. ಇದನ್ನು ಮಾತ್ರ ತಪ್ಪಿಸಬೇಡಿ. ನನ್ನ ಟೀಮ್‌ನ ಹುಡುಗನೊಬ್ಬ ಕಳಿಸಿದ ಕರಡಿನಲ್ಲಿ "ಬಜೆಟ್ ಪೂರ್ತಿ ನಾನೇ ನಿರ್ವಹಿಸಿದೆ" ಅಂತಿತ್ತು. ನಿಜದಲ್ಲಿ ಅವನು ಪ್ರತಿ ತಿಂಗಳು ಖರ್ಚಿನ ಲೆಕ್ಕ ಇಟ್ಟು ಅಕೌಂಟ್ ಮ್ಯಾನೇಜರ್‌ಗೆ ವರದಿ ಕೊಡುತ್ತಿದ್ದ, ಒಪ್ಪಿಗೆ ಕೊಡುತ್ತಿದ್ದವರು ಅವರು. ಅವನಿಗೆ ಮೋಸ ಮಾಡುವ ಉದ್ದೇಶ ಇರಲಿಲ್ಲ. "ಖರ್ಚಿನ ಲೆಕ್ಕ ಇಟ್ಟು, ಮಿತಿ ಮೀರುವ ಮೊದಲು ತಿಳಿಸಿದೆ" ಅಂತ ಬದಲಾಯಿಸಿದ, ನಾನು ನೆಮ್ಮದಿಯಿಂದ ಸಹಿ ಹಾಕಿದೆ. ಅದೇ ವಾಕ್ಯ ಆಡಿಟ್ ಫಾರಂನಲ್ಲಿ ನನ್ನ ಮುಂದೆ ಬಂದಿದ್ದರೆ ತಿದ್ದಲು ದಾರಿ ಇರುತ್ತಿರಲಿಲ್ಲ. ಯಾಕಂದರೆ ಸಹಿ ಹಾಕುವವರ ಮುಂದೆ ಬರುವುದು ನೀವು ಸಬ್ಮಿಟ್ ಮಾಡಿದ ಪಠ್ಯವೇ.

ಒಬ್ಬರು ಸಿಗಲೇ ಇಲ್ಲ ಅಂದರೆ ಅದೇ ಪ್ರಾಜೆಕ್ಟ್‌ನ ಸ್ಪಾನ್ಸರ್ ಅಥವಾ ಕ್ಲೈಂಟ್ ಕಡೆಯವರು ಇದ್ದಾರಾ ನೋಡಿ, ಅವರ ಹೆಸರು ಕೊಡಬಹುದಾ ಅಂತ ಪಿಎಂಐಗೆ ಬರೆದು ಕೇಳಿ. ಯಾರೂ ಸಿಗದ ಪ್ರಾಜೆಕ್ಟ್ ಆಗಿದ್ದರೆ, ಅದನ್ನು ಬಿಟ್ಟೂ 36 ತಿಂಗಳು ಆಗುವಂತಿದ್ದರೆ, ಮೊದಲೇ ಕೈಬಿಡಿ.

ಸುಳ್ಳು ಹೇಳಿದ್ದು ಗೊತ್ತಾದರೆ, ಅಥವಾ ದಾಖಲೆ ಕಳಿಸದೆ ಸುಮ್ಮನಿದ್ದರೆ, ಆಡಿಟ್ ಫೇಲ್. ದಾಖಲೆ ಕಳಿಸದವರಿಗೆ ಒಂದು ವರ್ಷ ಮತ್ತೆ ಬಾಗಿಲು ಮುಚ್ಚಿರುತ್ತದೆ. ಪರೀಕ್ಷೆ ಪಾಸಾದ ಮೇಲೂ ಯಾವಾಗ ಬೇಕಾದರೂ ಆಡಿಟ್ ಮಾಡುವ ಹಕ್ಕನ್ನು ಪಿಎಂಐ ಇಟ್ಟುಕೊಂಡಿದೆ, ಹಾಗಾಗಿ ಸರ್ಟಿಫಿಕೇಟ್ ಬಂತು ಅಂತ ಕಾಗದ ಎಸೆಯಬೇಡಿ. ಸಬ್ಮಿಟ್ ಮಾಡಿದ ಅರ್ಜಿಯ ಪಿಡಿಎಫ್, ತರಬೇತಿ ಸರ್ಟಿಫಿಕೇಟ್ (ಅದರಲ್ಲಿ ಗಂಟೆ, ದಿನಾಂಕ, ನಿಮ್ಮ ಹೆಸರು ಮೂರೂ ಇದೆಯಾ ನೋಡಿ), ಡಿಗ್ರಿಯ ಸ್ಕ್ಯಾನ್, ಎಲ್ಲ ಒಂದೇ ಫೋಲ್ಡರ್‌ನಲ್ಲಿರಲಿ.

ನಿಮ್ಮ ಪ್ರಾಜೆಕ್ಟ್‌ಗಳ ಶುರು ಮತ್ತು ಕೊನೆಯ ತಿಂಗಳು ಕಾಮೆಂಟ್‌ನಲ್ಲಿ ಹಾಕಿ, ಕಂಪನಿ ಹೆಸರು ಬೇಡ. ಎಷ್ಟು ತಿಂಗಳು ನಿಲ್ಲುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.