ಮಳೆ ಬಂದ ಬೆಳಗ್ಗೆ ಆರ್‌ಸಿಸಿಬಿ ಬೀಳ್ತದ ಅಂತ ಪ್ಯಾನೆಲ್ ಅರ್ತ್ ಬಿಚ್ಚಬ್ಯಾಡ್ರಿ

ಪ್ರಶ್ನೆ: "ನಮ್ದು ಸಿಂಧನೂರು. 5 ಕಿಲೋವ್ಯಾಟ್ ಆನ್‌ಗ್ರಿಡ್, 550 ವ್ಯಾಟಿನ 9 ಪ್ಯಾನೆಲ್, ಟ್ರಾನ್ಸ್‌ಫಾರ್ಮರ್ ಇಲ್ಲದ ಸಿಂಗಲ್ ಫೇಸ್ ಇನ್ವರ್ಟರ್. ಮಳೆ ಬಂದ ಮರುದಿನ ಬೆಳಗ್ಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಮನೆಯ 30 ಮಿಲಿಆಂಪ್ ಆರ್‌ಸಿಸಿಬಿ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಪ್ಯಾನೆಲ್ ಫ್ರೇಮಿನ ಅರ್ತ್ ವೈರ್ ಬಿಚ್ಚಿದ, ಅಂದಿನಿಂದ ಒಮ್ಮೆಯೂ ಬಿದ್ದಿಲ್ಲ. ಹೀಗೇ ಬಿಡಬಹುದಾ? ಸೋಲಾರ್ ಲೈನಿಗೆ ಆರ್‌ಸಿಸಿಬಿ ಬೇಕೇ ಬೇಕಾ?"

ಅಣ್ಣಾರೆ, ಮೊದಲು ಮಾಳಿಗೆ ಹತ್ತೋದನ್ನ ಎಲ್ಲರಿಗೂ ನಿಲ್ಲಿಸ್ರಿ. ಪ್ಯಾನೆಲ್ ತೊಳೆಯೋಕೆ ಬರುವ ಹುಡುಗನಿಗೂ ಬರಬೇಡ ಅಂತ ಹೇಳ್ರಿ. ಈ ತಪ್ಪು ನಾನೂ ಒಮ್ಮೆ ಮಾಡಿದವನೇ, ಅದಕ್ಕೇ ಇಷ್ಟು ಉದ್ದ ಬರೀತಾ ಇದೀನಿ.

ಈ ಪ್ರಶ್ನೆಗೆ ಗುಂಪಿನಲ್ಲಿ ಒಬ್ಬರು "ಅದು ಕೆಪಾಸಿಟರ್ ಲೀಕೇಜ್, ಫಾಲ್ಟ್ ಅಲ್ಲ, ಅರ್ತ್ ಬಿಚ್ಚಿದ್ರೆ ಹೋಗ್ತದೆ" ಅಂದಿದ್ದಾರೆ. ಅರ್ಧ ಮಾತು ನಿಜ. ಪ್ಯಾನೆಲ್ಲಿನ ಸೆಲ್ಲು ಒಂದು ಕಡೆ, ಅಲ್ಯೂಮಿನಿಯಂ ಫ್ರೇಮು ಇನ್ನೊಂದು ಕಡೆ, ನಡುವೆ ಗಾಜು. ಇಡೀ ಮಾಳಿಗೆ ಒಂದು ದೊಡ್ಡ ಕೆಪಾಸಿಟರ್ ಇದ್ದ ಹಾಗೆ. ಒಣಗಿದ್ದಾಗ ಕಿಲೋವ್ಯಾಟಿಗೆ ಸುಮಾರು 0.1 ಮೈಕ್ರೋಫ್ಯಾರಡ್ ಅಂದುಕೊಳ್ರಿ, ನಿಮ್ಮ 5 ಕಿಲೋವ್ಯಾಟಿಗೆ 0.5. ಗಾಜಿನ ಮೇಲೆ ನೀರು ನಿಂತರೆ ಆ ನೀರೇ ಅಗಲವಾದ ಪ್ಲೇಟ್ ಆಗಿಬಿಡ್ತದೆ, ಲೆಕ್ಕ ಎರಡು ಪಟ್ಟು ಏರಬಹುದು. ಟ್ರಾನ್ಸ್‌ಫಾರ್ಮರ್ ಇದ್ದಿದ್ದರೆ ಇದರಿಂದ ಏನೂ ತೊಂದರೆ ಇರಲಿಲ್ಲ. ನಿಮ್ಮ ಇನ್ವರ್ಟರಿನಲ್ಲಿ ಡಿಸಿ ಕಡೆಗೂ ಕರೆಂಟ್ ಕಂಪನಿ ಲೈನಿಗೂ ನಡುವೆ ಗೋಡೆಯೇ ಇಲ್ಲ. ಸಿಂಗಲ್ ಫೇಸಿನ ಸಾಮಾನ್ಯ ಡಿಸೈನಿನಲ್ಲಿ ಸಾಲಾಗಿ ಜೋಡಿಸಿದ ಪ್ಯಾನೆಲ್ಲುಗಳ ಇಡೀ ಸ್ಟ್ರಿಂಗು ಭೂಮಿಗೆ ಹೋಲಿಸಿದರೆ 230ರ ಅರ್ಧ, ಅಂದರೆ 115 ವೋಲ್ಟ್ ಎಸಿಯಲ್ಲಿ ಮೇಲೆ ಕೆಳಗೆ ತೂಗುತ್ತಾ ಇರ್ತದೆ. ಲೆಕ್ಕ ಇಷ್ಟೇ:

```
I = 2π × f × C × V
2π × 50 × 0.5 µF × 115 V ≈ 18 mA
2π × 50 × 1.0 µF × 115 V ≈ 36 mA
```

30 ಮಿಲಿಆಂಪ್ ಅಂತ ಬರೆದ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, ನಿಯಮವೇ ಹಾಗಿದೆ. ಬಿಸಿಲಲ್ಲಿ 18, ಅದೃಷ್ಟ ಇದ್ದರೆ ನಿಲ್ತದೆ. ಮಳೆಯಲ್ಲಿ 36, ನಿಲ್ಲೋ ಮಾತೇ ಇಲ್ಲ. ಫ್ರಿಜ್ಜು, ಕಂಪ್ಯೂಟರ್ ತಮ್ಮದೂ ಒಂದೆರಡು ಮಿಲಿಆಂಪ್ ಸೇರಿಸ್ತವೆ. ಸಬ್ಸಿಡಿಯಲ್ಲಿ 3 ಕಿಲೋವ್ಯಾಟ್ ಹಾಕಿಸಿದವರಿಗೆ ಒಣ ದಿನ 11, ಮಳೆಗೆ 22 ಬರ್ತದೆ. ಅದಕ್ಕೇ ಅವರದ್ದು ಒಂದು ಮಳೆಗೆ ಬೀಳ್ತದೆ, ಇನ್ನೊಂದಕ್ಕೆ ಬೀಳಲ್ಲ, ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಳ್ತಾನೆ. ಮೂರು ಫೇಸಿನ ಇನ್ವರ್ಟರುಗಳಲ್ಲಿ ಈ ತೂಗಾಟ ಬಹಳ ಕಡಿಮೆ, ಈ ಲೆಕ್ಕ ಅಲ್ಲಿಗೆ ತಗೊಂಡು ಹೋಗಬ್ಯಾಡ್ರಿ.

ಈಗ ಅರ್ತ್ ಬಿಚ್ಚಿದ್ದೀರಿ. ಆ 18 ಮಿಲಿಆಂಪಿಗೆ ಹೋಗೋ ದಾರಿ ಮುಚ್ಚಿದೆ, ಅದನ್ನ ತಳ್ಳೋ 115 ವೋಲ್ಟ್ ಅಲ್ಲೇ ಇದೆ, ಫ್ರೇಮಿನ ಮೇಲೆ. ಯಾರಾದರೂ ಬರಿಗಾಲಲ್ಲಿ ಒದ್ದೆ ಮಾಳಿಗೆ ಮೇಲೆ ನಿಂತು ಫ್ರೇಮ್ ಹಿಡಿದರೆ ಮುಚ್ಚಿದ ದಾರಿ ಅವರ ಮೈಯಲ್ಲೇ ತೆರೀತದೆ. ಒದ್ದೆ ಮೈಗೆ ಒಂದೂವರೆ ಕಿಲೋಓಮ್ ಹಿಡಿದರೂ 30 ಮಿಲಿಆಂಪಿನ ಆಸುಪಾಸು. ಕೈ ಬಿಡಿಸಿಕೊಳ್ಳೋಕೆ ಆಗದ ಮಟ್ಟ ಅದು. ನಮ್ಮ ಕಡೆ ಇದು ಬರೀ ಪುಸ್ತಕದ ಮಾತಲ್ಲ: ಸಿಂಧನೂರು, ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಹೊಟ್ಟಿನ ಬೂದಿ, ಶಕ್ತಿನಗರದ ಕಡೆ ಹಾರುಬೂದಿ, ಸಂಡೂರಿನಲ್ಲಿ ಅದಿರಿನ ಕೆಂಪು ಧೂಳು. ಹದಿನೈದು ದಿನಕ್ಕೊಮ್ಮೆ ಪೈಪ್ ಹಿಡಿದು ತೊಳೆಯದೆ ಯಾರ ಪ್ಯಾನೆಲ್ಲೂ ಕೆಲಸ ಮಾಡಲ್ಲ. ನೀರು, ಬರಿಗಾಲು, ಫ್ರೇಮು ಮೂರೂ ಒಟ್ಟಿಗೆ ಸೇರೋದೇ ಆ ಹೊತ್ತಿನಲ್ಲಿ.

ಹಾಗಾಗಿ ಇವತ್ತು ಕತ್ತಲಾದ ಮೇಲೆ, ಇನ್ವರ್ಟರ್ ಮಲಗಿದಾಗ, ಎಸಿ ಎಂಸಿಬಿ ಇಳಿಸಿ, ಡಿಸಿ ಐಸೊಲೇಟರ್ ತಿರುಗಿಸಿ, ಮೀಟರಿನಲ್ಲಿ ಫ್ರೇಮಿಗೂ ಅರ್ತಿಗೂ ವೋಲ್ಟ್ ಇಲ್ಲ ಅಂತ ನೋಡಿಕೊಂಡು ವೈರ್ ವಾಪಸ್ ಕಟ್ಟಿಸ್ರಿ. ತಾಮ್ರದ ಲಗ್ಗನ್ನ ನೇರ ಅಲ್ಯೂಮಿನಿಯಂ ಮೇಲೆ ಕೂರಿಸಿದರೆ ಎರಡು ಮಳೆಗಾಲಕ್ಕೆ ತಿಂದು ಹಾಕ್ತದೆ. ತವರ ಹಚ್ಚಿದ ಲಗ್ಗು, ಸ್ಟೇನ್‌ಲೆಸ್ ಬೋಲ್ಟು, ಫ್ರೇಮಿನ ಮೇಲಿನ ಪದರ ಕೆರೆಯೋ ಹಲ್ಲಿನ ವಾಷರ್ ಹಾಕಿಸ್ರಿ. 6 ಚದರ ಮಿಲಿಮೀಟರ್ ತಾಮ್ರಕ್ಕಿಂತ ಸಣ್ಣ ವೈರ್ ಬ್ಯಾಡ.

ಅರ್ತ್ ಕಟ್ಟಿದರೆ ಮತ್ತೆ ಟ್ರಿಪ್ ಶುರು ಆಗ್ತದೆ, ನಿಜ. ತಪ್ಪು ಇರೋದು ಇನ್ವರ್ಟರ್ ಲೈನು ಸೇರಿದ ಜಾಗದಲ್ಲಿ. ಮನೆಯ ಆರ್‌ಸಿಸಿಬಿಯೇ ಬೀಳ್ತದೆ ಅಂದರೆ ನಿಮ್ಮ ಎಲೆಕ್ಟ್ರಿಷಿಯನ್ ಸುಲಭ ಅಂತ ಮನೆಯ ಡಿಬಿ ಒಳಗೆ ಖಾಲಿ ಇದ್ದ ಎಂಸಿಬಿಗೆ ಇನ್ವರ್ಟರ್ ಕೊಟ್ಟಿದ್ದಾನೆ, ಅಂದರೆ ಮನೆಯ ಆರ್‌ಸಿಸಿಬಿ ಆದಮೇಲೆ. ಪ್ಯಾನೆಲ್ಲಿನ ಲೀಕೇಜೆಲ್ಲ ಆ ಒಂದು ಆರ್‌ಸಿಸಿಬಿ ಮೂಲಕವೇ ಹೋಗಬೇಕು. ಇದರಲ್ಲಿ ಟ್ರಿಪ್ಪಿಗಿಂತ ಕೆಟ್ಟದ್ದೂ ಒಂದಿದೆ. ಗ್ರೈಂಡರ್ ಮುಟ್ಟಿ ಯಾರಿಗೋ ಶಾಕ್ ಹೊಡೆದು ಆರ್‌ಸಿಸಿಬಿ ಬಿತ್ತು ಅನ್ನಿ, ಕಂಬದ ಕಡೆ ಲೈನ್ ಕಡೀತು, ಆದರೆ ಇನ್ವರ್ಟರ್ ಈಚೆಗೇ ಇದೆ. ಗ್ರಿಡ್ ಹೋಗಿದೆ ಅಂತ ಅದು ತಿಳಿದು ನಿಲ್ಲೋಕೆ 2 ಸೆಕೆಂಡಿನವರೆಗೂ ಅವಕಾಶ ಇದೆ. ಅಷ್ಟು ಹೊತ್ತು ಆ ಮನುಷ್ಯನಿಗೆ ಸೋಲಾರಿನಿಂದ ಕರೆಂಟ್ ಹೋಗ್ತಾ ಇರಬಹುದು.

ಸರಿ ಮಾಡೋದು ಹೀಗೆ. ಮೀಟರ್ ಆದಮೇಲೆ, ಮೇನ್ ಸ್ವಿಚ್ ಆದಮೇಲೆ, ಮನೆಯ ಆರ್‌ಸಿಸಿಬಿಗಿಂತ ಮೊದಲು ಎರಡು ದಾರಿ ಒಡೀರಿ. ಒಂದು ದಾರಿ ಮನೆಗೆ, ಅದೇ 30 ಮಿಲಿಆಂಪ್ ಆರ್‌ಸಿಸಿಬಿ ಅಲ್ಲೇ ಇರಲಿ, ಅದನ್ನ ದೊಡ್ಡದು ಮಾಡಬ್ಯಾಡ್ರಿ. ಇನ್ನೊಂದು ದಾರಿ ಇನ್ವರ್ಟರಿಗೆ, ಅದರದ್ದೇ ಎಂಸಿಬಿ, ಅದರದ್ದೇ 100 ಮಿಲಿಆಂಪ್ ಆರ್‌ಸಿಸಿಬಿ. 100ರದ್ದು 50ರ ಮೇಲೆ ಬೀಳಬಹುದು, ನಿಮ್ಮ 36 ಅದರ ಕೆಳಗೇ ಇದೆ. ಇಲ್ಲಿ ಎಲ್ಲರೂ ಎಡವೋದು ನ್ಯೂಟ್ರಲ್‌ನಲ್ಲಿ. ಫೇಸ್ ಒಂದನ್ನ ಮುಂದಕ್ಕೆ ತಂದು ನ್ಯೂಟ್ರಲ್ ಹಳೆ ಬಾರಿನಲ್ಲೇ ಬಿಟ್ಟರೆ, ಬಿಸಿಲು ಬಂದ ಕೂಡಲೇ ಮನೆ ಆರ್‌ಸಿಸಿಬಿ ಬೀಳ್ತದೆ, ಯಾಕಂದರೆ ಸೋಲಾರಿನ ಪೂರ್ತಿ ಕರೆಂಟು ಅದರ ಒಂದೇ ಕಾಲಿನಲ್ಲಿ ಹರೀತದೆ. ಎರಡೂ ವೈರ್ ಒಟ್ಟಿಗೆ ಸ್ಥಳ ಬದಲಿಸಬೇಕು.

"ಇನ್ವರ್ಟರ್ ಒಳಗೇ ಲೀಕೇಜ್ ನೋಡೋದು ಇದೆ, ಹೊರಗೆ ಇನ್ನೊಂದು ಯಾಕೆ ದಂಡ" ಅಂತ ಕೊಪ್ಪಳದ ಸರ್ ಕೇಳಿದ್ದಾರೆ. ಒಳಗಿನದು ಇದೆ, ಒಳ್ಳೆಯದೂ ಹೌದು. ನಿಧಾನಕ್ಕೆ ಏರುವ ಲೀಕೇಜನ್ನ 300 ಮಿಲಿಆಂಪಿನವರೆಗೆ ಸಹಿಸ್ತದೆ, ಧಿಡೀರ್ ಅಂತ 30 ಮಿಲಿಆಂಪ್ ಜಿಗಿದರೆ 0.3 ಸೆಕೆಂಡಿನಲ್ಲಿ ಬಿಡಿಸ್ತದೆ. ಮಳೆಗೂ ಮನುಷ್ಯನಿಗೂ ಇರೋ ವ್ಯತ್ಯಾಸ ಅದಕ್ಕೆ ಗೊತ್ತು. ಆದರೆ ಅದು ಕಾಯೋದು ಪ್ಯಾನೆಲ್ ಕಡೆಯನ್ನ. ಇನ್ವರ್ಟರಿನಿಂದ ಡಿಬಿವರೆಗಿನ ಎಸಿ ಕೇಬಲ್ ಇಲಿ ಕಡಿದು ಕಬ್ಬಿಣದ ಪೈಪಿಗೆ ತಾಗಿದರೆ ಅದಕ್ಕೆ ಸಂಬಂಧ ಇಲ್ಲ. ನಮ್ಮ ಮನೆಗಳಲ್ಲಿ ಅರ್ತ್ ಅಂದರೆ ನಮ್ಮದೇ ಗುಂಡಿ. ಗುಂಡಿಯ ರೆಸಿಸ್ಟೆನ್ಸ್ 10 ಓಮ್ ಬಂದರೂ 230 ವೋಲ್ಟಿಗೆ ಹರಿಯೋದು 23 ಆಂಪ್, ನಿಮ್ಮ 32 ಆಂಪಿನ ಎಂಸಿಬಿ ದಿನಗಟ್ಟಲೆ ಸುಮ್ಮನೆ ಕೂತಿರ್ತದೆ. ಎರೆ ಭೂಮಿ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ರಾಡಿನಿಂದ ದೂರ ಸರಿದರೆ 10 ಎಲ್ಲಿ ಸಿಗ್ತದೆ? ಅಲ್ಲಿ ಲೈನ್ ಕಡಿಯೋದು ಆರ್‌ಸಿಸಿಬಿ ಒಂದೇ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕ್ತಾ ಇರ್ರಿ, ತೊಳೆದ ನೀರನ್ನೇ ಅಲ್ಲಿಗೆ ಹರಿಸಿದರೂ ಆದೀತು.

ಕೊಳ್ಳುವಾಗ ಬ್ರಾಂಡಿಗಿಂತ ಮುಂಚೆ ಮುಖದ ಮೇಲಿನ ಚಿಹ್ನೆ ನೋಡ್ರಿ. ಬರೀ ಒಂದು ಅಲೆ ಇದ್ದರೆ ಎಸಿ ಟೈಪ್, ಸೋಲಾರಿಗೆ ಮುಟ್ಟಬ್ಯಾಡ್ರಿ. ಇನ್ವರ್ಟರ್ ಕೆಟ್ಟು ನೇರ ಡಿಸಿ ಲೀಕ್ ಆದರೆ ಅದರ ಒಳಗಿನ ಕೋರ್ ಮರಗಟ್ಟಿ, ನಿಜವಾದ ಶಾಕಿಗೂ ಬೀಳಲ್ಲ. ನಿನ್ನೆ ಟೆಸ್ಟ್ ಬಟನ್ ಒತ್ತಿದಾಗ ಬಿತ್ತು ಅನ್ನೋದೂ ಅಲ್ಲಿ ಸಾಕ್ಷಿ ಅಲ್ಲ. ಅಲೆಯ ಕೆಳಗೆ ಅರ್ಧ ಅಲೆಗಳ ಸಾಲಿದ್ದರೆ ಎ ಟೈಪ್, 6 ಮಿಲಿಆಂಪ್‌ವರೆಗೆ ಡಿಸಿ ಇದ್ದರೂ ಸರಿಯಾಗಿ ಕೆಲಸ ಮಾಡ್ತದೆ. ಅದರ ಜೊತೆ ನೇರ ಗೆರೆಯೂ ಇದ್ದರೆ ಬಿ ಟೈಪ್. ಇನ್ವರ್ಟರಿನ ಮ್ಯಾನುವಲ್‌ನಲ್ಲಿ "ಡಿಸಿ ಫಾಲ್ಟ್ ಕರೆಂಟ್ ಹೊರಗೆ ಬಿಡಲ್ಲ" ಅಂತ ಕಂಪನಿ ಬರೆದುಕೊಟ್ಟಿದ್ದರೆ ಎ ಸಾಕು, ಬರೆದಿಲ್ಲದಿದ್ದರೆ ಬಿ. ಸೀಮೆನ್ಸ್, ಎಬಿಬಿ, ಶ್ನೈಡರ್ ಮೂವರೂ ಬಿ ಮಾಡ್ತಾರೆ, ರೇಟು ಎ ಟೈಪಿಗಿಂತ ಬಹಳ ಮೇಲೆ. ಅಂಗಡಿಯವನು "ಎಲ್ಲಾ ಒಂದೇ ಸರ್" ಅಂದರೆ ಎದ್ದು ಬನ್ನಿ. ಮ್ಯಾನುವಲ್ ಒಂದು ಹೇಳಿ ಡೀಲರ್ ಇನ್ನೊಂದು ಹೇಳಿದರೆ ಯಾರನ್ನ ನಂಬಬೇಕು ಅನ್ನೋ ಜಗಳ ಈ ಗುಂಪಿನಲ್ಲೇ ಮುಗಿದಿಲ್ಲ. ನಾನು ಕಾಗದದ ಮೇಲಿರೋದನ್ನೇ ನಂಬ್ತೀನಿ.

ಇಷ್ಟೆಲ್ಲ ಖರ್ಚು ಮಾಡೋ ಮೊದಲು ಒಂದು ಅನುಮಾನ ತೀರಿಸಿಕೊಳ್ರಿ: ನಿಮ್ಮದು ಬರೀ ಕೆಪಾಸಿಟರ್ ಲೀಕೇಜೇ ಹೌದಾ? ಇನ್ವರ್ಟರ್ ಪರದೆ ಮೇಲೆ ಮಳೆ ಬೆಳಗ್ಗೆ `PV ISO Low` ಅಥವಾ `Isolation Fault` ಬಂದು, ಹತ್ತು ಗಂಟೆಗೆ ತಾನೇ ಹೋಗುತ್ತಿದ್ದರೆ ಅದು ಎಲ್ಲೋ ಇನ್ಸುಲೇಶನ್ ಹರಿದ ಗುರುತು. ಆಗ ಮೇಲಿನ ಯಾವ ಬದಲಾವಣೆಯೂ ಮದ್ದಲ್ಲ.

ಜಾಗ ಹುಡುಕೋಕೆ ಮೆಗ್ಗರ್ ಬೇಕಿಲ್ಲ, 1000 ವೋಲ್ಟ್ ಡಿಸಿ ತಡೆಯೋ ಮೀಟರ್ ಮತ್ತು ರಬ್ಬರ್ ಗ್ಲೌಸು ಸಾಕು. ಪ್ಯಾನೆಲ್ ಇನ್ನೂ ಒದ್ದೆ ಇರುವಾಗಲೇ ಎಸಿ ಇಳಿಸಿ, ಡಿಸಿ ಐಸೊಲೇಟರ್ ಆಫ್ ಮಾಡಿ, ಡಿಸಿ ಡಿಬಿಯಲ್ಲಿ ಸಿಡಿಲಿಗೆ ಹಾಕಿರೋ ಎಸ್‌ಪಿಡಿ ಕಾರ್ಟ್ರಿಜ್ ಕಿತ್ತಿಟ್ಟು ಪ್ಯಾನೆಲ್ ಕಡೆಯಿಂದ ಅಳೀರಿ. ಪ್ಲಸ್‌ನಿಂದ ಮೈನಸ್‌ಗೆ 441 ಬಂತು ಅನ್ನಿ, ಅಂದರೆ ಪ್ಯಾನೆಲ್ಲಿಗೆ 49. ಈಗ ಪ್ಲಸ್‌ನಿಂದ ಅರ್ತಿಗೆ, ಆಮೇಲೆ ಮೈನಸ್‌ನಿಂದ ಅರ್ತಿಗೆ. ಆರೋಗ್ಯದ ಸ್ಟ್ರಿಂಗಿನಲ್ಲಿ ಎರಡೂ ಮೇಲೆ ಕೆಳಗೆ ಆಡಿ ಸೊನ್ನೆ ಕಡೆ ಜಾರ್ತವೆ. ಜಾರದೆ 147 ಮತ್ತು 294 ಅಂತ ಗಟ್ಟಿ ನಿಂತು, ಕೂಡಿದರೆ 441 ಆದರೆ ಫಾಲ್ಟ್ ಇದೆ. 147 ಅನ್ನು 49ರಿಂದ ಭಾಗಿಸ್ರಿ: 3. ಪ್ಲಸ್ ಕಡೆಯಿಂದ ಮೂರನೇ ಮತ್ತು ನಾಲ್ಕನೇ ಪ್ಯಾನೆಲ್ ನಡುವೆ ನೋಡ್ರಿ. ಹೆಚ್ಚಾಗಿ ಸಿಗೋದು ನೀರು ಕುಡಿದ ಎಂಸಿ4 ಕನೆಕ್ಟರ್, ಇಲ್ಲಾ ಫ್ರೇಮಿನ ಅಂಚಿಗೆ ಉಜ್ಜಿದ ಕೇಬಲ್. ಗಂಡು ಒಂದು ಕಂಪನಿ, ಹೆಣ್ಣು ಇನ್ನೊಂದು ಕಂಪನಿಯದಾಗಿದ್ದರೆ ಅನುಮಾನ ಮೊದಲು ಅಲ್ಲೇ ಇಡ್ರಿ. ಒಂದು ಕಡೆ ಸೊನ್ನೆಗೆ ಹತ್ತಿರ, ಇನ್ನೊಂದು ಕಡೆ ಪೂರ್ತಿ 441 ಬಂದರೆ ಕೆಳಗೆ ಇಳಿಯೋ ಕೇಬಲ್ಲೇ ಪೈಪಿನೊಳಗೆ ಹರಿದಿದೆ. ಎರಡು ಕಡೆ ಫಾಲ್ಟ್ ಇದ್ದರೆ ಈ ಭಾಗಾಕಾರ ಸುಳ್ಳು ಹೇಳ್ತದೆ, ಆಗ ಸ್ಟ್ರಿಂಗ್ ಒಡೆದು ಅರ್ಧರ್ಧ ನೋಡಬೇಕು. ಐಸೊಲೇಟರ್ ಆಫ್ ಮಾಡದೆ ಎಂಸಿ4 ಎಳೆಯಬ್ಯಾಡ್ರಿ, ಡಿಸಿ ಕಿಡಿ ತಾನಾಗಿ ಆರಲ್ಲ.

ಕಾರಟಗಿ ಅಣ್ಣಾರು "ನನ್ನ ಹೊಲದ ಸೋಲಾರ್ ಪಂಪಿಗೆ ಆರ್‌ಸಿಸಿಬಿ ಇಲ್ಲದೆ ನಾಲ್ಕು ವರ್ಷ ಓಡ್ತಾ ಇದೆ" ಅಂದಿದ್ದಾರೆ. ಅದು ಬೇರೆ ಸಂಗತಿ. ಗ್ರಿಡ್ಡೇ ಇಲ್ಲ, ಡ್ರೈವಿನಿಂದ ಮೋಟರಿಗೆ ಹೋಗೋ ಅಲೆಯೂ ಬೇರೆ, ಮನೆ ಆರ್‌ಸಿಸಿಬಿ ಅಲ್ಲಿ ಹಾಕಿದರೂ ಸರಿಯಾಗಿ ನೋಡಲ್ಲ. ಆದರೆ ಫ್ರೇಮು, ಡ್ರೈವು, ಬೋರಿನ ಕೇಸಿಂಗ್ ಮೂರನ್ನೂ ಒಂದೇ ಅರ್ತಿಗೆ ಕಟ್ಟಿದ್ದೀರಾ? ಫೋಟೋ ಹಾಕ್ರಿ ನೋಡೋಣ.

ಸಿಂಧನೂರು ಅಣ್ಣಾರೆ, ನೀವು ಅರ್ತ್ ವಾಪಸ್ ಕಟ್ಟಿದ ಮೇಲೆ ಮಿಲಿಆಂಪ್ ಓದುವ ಲೀಕೇಜ್ ಕ್ಲ್ಯಾಂಪ್ ಮೀಟರ್ ಯಾರ ಹತ್ತಿರವಾದರೂ ಕೇಳಿ ತರಿಸ್ರಿ, ಸಾದಾ ಕ್ಲ್ಯಾಂಪ್ ಇಷ್ಟು ಸಣ್ಣದನ್ನ ಓದಲ್ಲ. ಇನ್ವರ್ಟರಿನ ಎಸಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಾಯೊಳಗೆ ಹಾಕಿ, ಅರ್ತ್ ವೈರ್ ಹೊರಗಿಟ್ಟು, ಒಣ ಮಧ್ಯಾಹ್ನ ಒಮ್ಮೆ, ಪ್ಯಾನೆಲ್ ತೊಳೆದು ನೀರು ಹಾಕಿದವರು ಕೆಳಗಿಳಿದ ಕೂಡಲೇ ಒಮ್ಮೆ ಓದಿ, ಎರಡೂ ನಂಬರ್ ಇಲ್ಲಿ ಬರೀರಿ. ಒಣಗಿದ್ದಾಗಲೇ 40 ದಾಟಿದರೆ 100ರ ಆರ್‌ಸಿಸಿಬಿ ಕೊಳ್ಳೋಕೆ ಅಂಗಡಿಗೆ ಹೋಗಬ್ಯಾಡ್ರಿ, ಮೊದಲು ಮೇಲಿನ ವೋಲ್ಟ್ ಪರೀಕ್ಷೆ ಮಾಡ್ರಿ.